ಶೇ 21ರ ಪ್ಯಾನೆಲ್ ಮತ್ತು ಕಲಬುರಗಿಯ ಏಪ್ರಿಲ್

‘ದಕ್ಷತೆ ಶೇ 21 ಅಂದರೆ ಉಳಿದ 79 ಭಾಗ ದಂಡವೇ?’ ತಾರಸಿಗೆ ಸೋಲಾರ್ ಹಾಕಿಸುವವರು ತಪ್ಪದೇ ಕೇಳುವ ಪ್ರಶ್ನೆ ಇದು. ಲೆಕ್ಕ ಸರಳ. ಈಗ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿರುವ 550 ವ್ಯಾಟ್ ಪ್ಯಾನೆಲ್‌ನ ವಿಸ್ತೀರ್ಣ ಸುಮಾರು 2.58 ಚದರ ಮೀಟರ್. ಪರೀಕ್ಷಾಲಯದಲ್ಲಿ ಪ್ರತಿ ಚದರ ಮೀಟರ್‌ಗೆ 1,000 ವ್ಯಾಟ್ ಬೆಳಕು ಬಿಡುತ್ತಾರೆ. ಅಂದರೆ ಒಟ್ಟು 2,580 ವ್ಯಾಟ್ ಬಿದ್ದು 550 ವ್ಯಾಟ್ ವಿದ್ಯುತ್ ಬಂದರೆ ಶೇ 21.3. ಬಿಸಿಲಿಗೆ ದುಡ್ಡು ಕೊಡಬೇಕಾಗಿಲ್ಲವಾದ್ದರಿಂದ ದಕ್ಷತೆ ಕಡಿಮೆಯಾದರೆ ಹೆಚ್ಚು ಜಾಗ ಬೇಕು, ಅಷ್ಟೇ. ಶೇ 18ರ ಪ್ಯಾನೆಲ್‌ಗಳಿಂದಲೂ ಒಂದು ಕಿಲೋವ್ಯಾಟ್ ಕಟ್ಟಬಹುದು.

ಉಳಿದದ್ದು ಎಲ್ಲಿ ಹೋಗುತ್ತದೆ? ಬಹುಪಾಲು ಪ್ಯಾನೆಲ್‌ನ ಕೋಶಗಳಲ್ಲಿರುವ ಸಿಲಿಕಾನ್‌ನ ಗುಣದಲ್ಲಿಯೇ. ಅದರೊಳಗಿನ ಎಲೆಕ್ಟ್ರಾನ್ ಬಿಡಿಸಿಕೊಳ್ಳಲು ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಅಷ್ಟು ಶಕ್ತಿಯಿಲ್ಲದ ಇನ್‌ಫ್ರಾರೆಡ್ ಕಿರಣ ಎಷ್ಟು ಬಿದ್ದರೂ ವಿದ್ಯುತ್ ಹುಟ್ಟುವುದಿಲ್ಲ. ನೀಲಿ ಬೆಳಕಿನ ಒಂದು ಕಣ ಸುಮಾರು 2.7 ತರುತ್ತದೆ, ಆದರೆ ಅದು ಬಿಡಿಸುವುದೂ ಒಂದೇ ಎಲೆಕ್ಟ್ರಾನ್, ಮಿಕ್ಕಿದ್ದು ಶಾಖವಾಗುತ್ತದೆ. ಒಂದೇ ಬಗೆಯ ಪದರವಿರುವ ಕೋಶಕ್ಕೆ ಹೀಗೊಂದು ಮೇಲ್ಮಿತಿ ಇದೆ ಎಂದು ಭೌತವಿಜ್ಞಾನಿಗಳಾದ ಶಾಕ್ಲಿ ಮತ್ತು ಕ್ವೈಸರ್ 1961ರಲ್ಲಿಯೇ ಲೆಕ್ಕ ಹಾಕಿ ತೋರಿಸಿದರು. ಸಿಲಿಕಾನ್‌ಗೆ ಆ ಮಿತಿ ಈಗ ಶೇ 29ರ ಆಸುಪಾಸು ಎನ್ನುತ್ತಾರೆ. ಆದ್ದರಿಂದ ಒಂದೇ ಪದರದ ಸಿಲಿಕಾನ್ ಪ್ಯಾನೆಲ್‌ಗೆ ‘ಶೇ 40 ದಕ್ಷತೆ’ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ನಮ್ಮ ಕೈಯಲ್ಲಿ ಸ್ವಲ್ಪವಾದರೂ ಇರುವುದು ಬಿಸಿ. ಪರೀಕ್ಷೆಯಲ್ಲಿ ಕೋಶದ ಉಷ್ಣತೆ 25 ಡಿಗ್ರಿ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಅದು 65 ದಾಟುವುದು ಅಪರೂಪವಲ್ಲ. ಡಿಗ್ರಿಗೆ ಶೇ 0.35ರಂತೆ 40 ಡಿಗ್ರಿಗೆ ಶೇ 14 ಖೋತಾ. 550 ವ್ಯಾಟ್ ಹೋಗಿ 473 ಆಯಿತು. 3.3 ಕಿಲೋವ್ಯಾಟ್ ಬರಬೇಕಿದ್ದ ಆರು ಪ್ಯಾನೆಲ್‌ಗಳಿಂದ 2.8 ಕಿಲೋವ್ಯಾಟ್, ಇನ್ವರ್ಟರ್ ತನ್ನ ಪಾಲು ಹಿಡಿದ ಮೇಲೆ 2.7. ‘3.3 ಅಂತ ಹೇಳಿ ಕೊಟ್ಟಿರಿ’ ಎಂದು ಫೋನ್ ಬರುವುದು ಇದೇ ಹೊತ್ತಿನಲ್ಲಿ!

ದೋಷವೋ ಬಿಸಿಯೋ ಎಂದು ತಿಳಿಯಲು ಇನ್ವರ್ಟರ್ ಪರದೆ ನೋಡಿದರೆ ಸಾಕು. ಬಿಸಿಗೆ ಕುಸಿಯುವುದು ಮುಖ್ಯವಾಗಿ ವೋಲ್ಟೇಜ್, ಕರೆಂಟ್ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ನಿಚ್ಚಳ ಬಿಸಿಲಿನಲ್ಲಿಯೂ ಕರೆಂಟ್ ತಗ್ಗಿದ್ದರೆ ದೂಳನ್ನೋ ನೀರಿನ ಟ್ಯಾಂಕಿನ ನೆರಳನ್ನೋ ಹುಡುಕಿ. ವೋಲ್ಟೇಜ್ ಮಾತ್ರ ಬಿದ್ದಿದ್ದು, ಬೆಳಗಿನ ತಂಪಿನಲ್ಲಿ ಸರಿಯಾಗಿದ್ದರೆ, ಪ್ಯಾನೆಲ್‌ನ ಹಿಂಬದಿಗೆ ಗಾಳಿ ಆಡುತ್ತಿದೆಯೇ ನೋಡಿ. ತಗಡಿನ ಮೇಲೆ ಅಂಟಿಸಿದಂತೆ ಕೂರಿಸಿದವುಗಳಿಗೆ ಈ ಕಾಯಿಲೆ ಜಾಸ್ತಿ. ಕಂಬಿ ಎತ್ತರಿಸಿ, ನಡುವೆ ಕನಿಷ್ಠ ಒಂದು ಗೇಣು ಜಾಗ ಬಿಡಿಸಿ.