ಎರಡು ವರ್ಷದ ಬಾಂಡ್ ಮೂರು ವರ್ಷ ಆಗುವುದು ಹೇಗೆ?

ಆಫರ್ ಲೆಟರ್ ತೋರಿಸಲು ಬರುವವರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: "ಸಾರ್, ಈ ಬಾಂಡ್ ಕೋರ್ಟಿನಲ್ಲಿ ನಿಲ್ಲುತ್ತಾ?" ಅದಕ್ಕೆ ಉತ್ತರ ಹೇಳುತ್ತೇನೆ. ಆದರೆ ಕೋರ್ಟಿಗೆ ಹೋಗುವವರು ನೂರಕ್ಕೆ ಒಬ್ಬರೂ ಇರಲಿಕ್ಕಿಲ್ಲ. ಉಳಿದವರೆಲ್ಲ ರಿಲೀವಿಂಗ್ ಲೆಟರ್ ಸಿಕ್ಕರೆ ಸಾಕು ಎಂದು ದುಡ್ಡು ಕಟ್ಟಿಯೋ ದಿನ ತಳ್ಳಿಯೋ ಹೊರಬರುತ್ತಾರೆ. ಹಾಗಾಗಿ ಸಹಿ ಹಾಕುವ ಮೊದಲು ನೋಡಬೇಕಾದದ್ದು ಈ ಕೆಲಸ ಬಿಡುವ ದಿನ ನನಗೆ ಎಷ್ಟು ಖರ್ಚಾಗುತ್ತದೆ, ಎಷ್ಟು ತಿಂಗಳು ಕಾಯಬೇಕಾಗುತ್ತದೆ ಎಂಬುದನ್ನು. ಪ್ರೊಬೇಷನ್, ಬಾಂಡ್, ನೋಟಿಸ್ ಈ ಮೂರೂ ಪತ್ರದ ಬೇರೆ ಬೇರೆ ಪುಟಗಳಲ್ಲಿ ಇರುತ್ತವೆ. ಬಿಡಿಬಿಡಿಯಾಗಿ ಓದಿದರೆ ಯಾವುದೂ ಭಯ ಹುಟ್ಟಿಸುವುದಿಲ್ಲ. ಪಕ್ಕಪಕ್ಕದಲ್ಲಿಟ್ಟು ಓದಿದಾಗ ಕಥೆ ಬೇರೆ.

ಈಚೆಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಿಂದ ದಾವಣಗೆರೆ ಕಡೆಯ ಹುಡುಗಿಯೊಬ್ಬಳಿಗೆ ಬಂದ ಪತ್ರದ ವಿಷಯ ನೋಡಿ. ತಿಂಗಳಿಗೆ ಗ್ರಾಸ್ 40,000 ರೂಪಾಯಿ, ಅದರಲ್ಲಿ ಬೇಸಿಕ್ 20,000. ಪ್ರೊಬೇಷನ್ ಆರು ತಿಂಗಳು, ಸಂಸ್ಥೆ ಇಚ್ಛಿಸಿದರೆ ಇನ್ನೂ ಮೂರು ತಿಂಗಳು. ಕನ್ಫರ್ಮ್ ಆದ ಮೇಲೆ ನೋಟಿಸ್ 90 ದಿನ. ಬಾಂಡ್ 24 ತಿಂಗಳು, ಮುರಿದರೆ ಎರಡು ಲಕ್ಷ. ಅವಳ ಮನೆಯವರು ಲೆಕ್ಕ ಹಾಕಿದ್ದು "ಎರಡು ವರ್ಷ ತಾನೇ, ಮಾಡಲಿ ಬಿಡಿ" ಎಂದು.

ಆದರೆ ಬಾಂಡಿನ ಕಲಮು "ಕನ್ಫರ್ಮೇಷನ್ ದಿನಾಂಕದಿಂದ 24 ತಿಂಗಳು" ಎನ್ನುತ್ತಿತ್ತು. ಅಂದರೆ ಗಡಿಯಾರ ಶುರುವಾಗುವುದೇ ಆರು ತಿಂಗಳಾದ ಮೇಲೆ. ಅಲ್ಲಿಗೆ 30 ತಿಂಗಳಾಯಿತು. ಮುಂದಿನ ಸಾಲಿನಲ್ಲಿ "ಈ ಅವಧಿಯೊಳಗೆ ರಾಜೀನಾಮೆ ಸಲ್ಲಿಸಿದರೆ" ಎಂದಿತ್ತು, "ಕೆಲಸ ಬಿಟ್ಟರೆ" ಎಂದಿರಲಿಲ್ಲ. ಈ ಒಂದು ಪದದಿಂದ ಮೂರು ತಿಂಗಳು ವ್ಯತ್ಯಾಸ ಆಗುತ್ತದೆ. ಕೊನೆಯ ಕೆಲಸದ ದಿನವನ್ನು ಲೆಕ್ಕಕ್ಕೆ ಹಿಡಿದಿದ್ದರೆ ಬಾಂಡ್ ಮುಗಿಯಲು ಮೂರು ತಿಂಗಳಿರುವಾಗಲೇ ನೋಟಿಸ್ ಕೊಟ್ಟು, ಎರಡನ್ನೂ ಒಟ್ಟಿಗೆ ಮುಗಿಸಬಹುದಿತ್ತು. ರಾಜೀನಾಮೆ ಸಲ್ಲಿಸುವ ದಿನವೇ ಲೆಕ್ಕವಾದರೆ ಬಾಂಡ್ ಪೂರ್ತಿ ಮುಗಿದ ಮೇಲೆ ಪತ್ರ ಕೊಟ್ಟು, ಆಮೇಲೆ 90 ದಿನ ಕೂರಬೇಕು. 33 ತಿಂಗಳಾಯಿತು. ಪ್ರೊಬೇಷನ್ ಇನ್ನೊಂದು ಮೂರು ತಿಂಗಳು ಮುಂದಕ್ಕೆ ಹೋದರೆ 36. ಪತ್ರದಲ್ಲಿ ಎಲ್ಲೂ ಸುಳ್ಳಿಲ್ಲ, ಎರಡು ವರ್ಷ ಎಂದೇ ಬರೆದಿದೆ. ಹುಡುಗಿ ಮಾತ್ರ ಮೂರು ವರ್ಷಕ್ಕೆ ಸಹಿ ಹಾಕುತ್ತಿದ್ದಳು.

ಇನ್ನು ದುಡ್ಡಿನ ಲೆಕ್ಕ. ಅವಳಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು, ಹೊಸ ಸಂಸ್ಥೆ 45 ದಿನದೊಳಗೆ ಬನ್ನಿ ಎಂದಿತು, 14 ತಿಂಗಳು ಮುಗಿಯುವ ದಿನವೇ ಹೊರಡಬೇಕಾಯಿತು ಎಂದುಕೊಳ್ಳಿ. 90 ದಿನದ ನೋಟಿಸಿನಲ್ಲಿ 45 ದಿನ ಕಡಿಮೆ ಬಿತ್ತು. ಆ 45 ದಿನದ ಹಣವನ್ನು ಗ್ರಾಸ್ ಮೇಲೆ ಹಿಡಿದರೆ 60,000, ಬೇಸಿಕ್ ಮೇಲೆ ಹಿಡಿದರೆ 30,000. ಪತ್ರದಲ್ಲಿ "ಸಂಬಳ" ಎಂದಷ್ಟೇ ಇದ್ದರೆ ಎಚ್‌ಆರ್ ಹಿಡಿಯುವುದು ಯಾವುದನ್ನು ಎಂದು ನಾನು ಹೇಳಬೇಕಾಗಿಲ್ಲ. ಬಾಂಡ್ ಹಣ ಇಡಿಯಾಗಿ ಕಟ್ಟಬೇಕು ಎಂದಿದ್ದರೆ ಎರಡು ಲಕ್ಷ, ಒಟ್ಟು 2,60,000. ಅದೇ, ದುಡಿದ ತಿಂಗಳಿಗೆ ತಕ್ಕಂತೆ ಕಡಿಮೆಯಾಗುತ್ತಾ ಬರುತ್ತದೆ ಎಂದಿದ್ದು ಸೇರಿದ ದಿನದಿಂದ ಲೆಕ್ಕ ಆರಂಭವಾದರೆ ಉಳಿದದ್ದು 10 ತಿಂಗಳು, ಕಟ್ಟಬೇಕಾದ್ದು 83,333. ಬೇಸಿಕ್ ಲೆಕ್ಕದ ನೋಟಿಸ್ ಹಣ ಸೇರಿಸಿದರೆ 1,13,333. ಅದೇ ಕೆಲಸ, ಅದೇ ದಿನ, ಆದರೆ ಪತ್ರದ ನಾಲ್ಕು ಪದಗಳಿಂದ ಒಂದೂವರೆ ಲಕ್ಷದಷ್ಟು ವ್ಯತ್ಯಾಸ. ಸಂಬಳದಲ್ಲಿ ಎರಡು ಸಾವಿರ ಜಾಸ್ತಿ ಕೇಳಲು ಹಿಂಜರಿಯುವವರು ಇದನ್ನು ಕೇಳುವುದೇ ಇಲ್ಲ ಎಂಬುದು ನನಗೆ ಸೋಜಿಗ.

ಈಗ ಆ ಮೊದಲ ಪ್ರಶ್ನೆಗೆ ಬರೋಣ. "ಬಾಂಡ್‌ಗೆಲ್ಲ ಬೆಲೆ ಇಲ್ಲ, ಹರಿದು ಹಾಕಿ" ಎಂದು ಧೈರ್ಯ ಹೇಳುವ ಸ್ನೇಹಿತರು ಎಲ್ಲರಿಗೂ ಇರುತ್ತಾರೆ. ಅವರು ನೆಚ್ಚಿಕೊಳ್ಳುವುದು 1872ರ ಕರಾರು ಕಾಯ್ದೆಯ 27ನೇ ಕಲಮನ್ನು. ಯಾರನ್ನೂ ಉದ್ಯೋಗ ಮಾಡದಂತೆ ತಡೆಯುವ ಕರಾರು ಅನೂರ್ಜಿತ ಎನ್ನುತ್ತದೆ ಅದು. ಕೆಲಸ ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಸಂಸ್ಥೆ ಸೇರಬಾರದು ಎಂಬ ಷರತ್ತಿಗೆ ಆ ಮಾತು ಸರಿ, ಅದು ನಮ್ಮ ಕೋರ್ಟುಗಳಲ್ಲಿ ನಿಲ್ಲುವುದಿಲ್ಲ. ಕೆಲಸದಲ್ಲಿರುವಾಗಿನ ಕಟ್ಟುಪಾಡಿನ ವಿಷಯ ಹಾಗಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಆ ಬ್ಯಾಂಕ್ ಈಗ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿದೆ, ಮೊಕದ್ದಮೆ ಮಾತ್ರ ಉಳಿದಿತ್ತು. ಮೂರು ವರ್ಷ ಕೆಲಸ ಮಾಡಬೇಕು, ಇಲ್ಲವಾದರೆ ಎರಡು ಲಕ್ಷ ಕಟ್ಟಬೇಕು ಎಂಬ ಷರತ್ತಿನ ಮೇಲೆ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟರು. ಆಕ್ಷೇಪ ಇಟ್ಟುಕೊಂಡೇ ಹಣ ಕಟ್ಟಿ, ಆಮೇಲೆ ಹೈಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು, ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಕೆಲಸ ಬಿಡುವುದನ್ನು ಈ ಷರತ್ತು ತಡೆದಿಲ್ಲ, ಅವಧಿಗೆ ಮುನ್ನ ಬಿಟ್ಟರೆ ಹಣ ಕಟ್ಟಿ ಎಂದಿದೆ ಅಷ್ಟೇ, ಇದು 27ನೇ ಕಲಮಿಗೆ ವಿರುದ್ಧವಲ್ಲ ಎಂದಿತು.

ಆ ತೀರ್ಪನ್ನು ಹಿಡಿದು ಎಲ್ಲ ಬಾಂಡೂ ಸರಿ ಎಂದು ಎಚ್‌ಆರ್‌ನವರು ಹೇಳಿದರೆ ಅದನ್ನೂ ಪೂರ್ತಿ ನಂಬಬೇಡಿ. ಕೋರ್ಟ್ ಅಲ್ಲಿ ಎರಡು ಸಂಗತಿಗಳನ್ನು ತೂಗಿ ನೋಡಿತ್ತು. ಸಾರ್ವಜನಿಕ ವಲಯದ ಬ್ಯಾಂಕು ಖಾಲಿಯಾದ ಹುದ್ದೆಯನ್ನು ಮತ್ತೆ ತುಂಬಬೇಕಾದರೆ ಜಾಹೀರಾತು ಕೊಟ್ಟು ಇಡೀ ಆಯ್ಕೆ ಪ್ರಕ್ರಿಯೆ ನಡೆಸಬೇಕು, ಅದಕ್ಕೆ ಖರ್ಚಿದೆ. ಸೀನಿಯರ್ ಮ್ಯಾನೇಜರ್ ಹುದ್ದೆಯ ಸಂಬಳಕ್ಕೆ ಎರಡು ಲಕ್ಷ ರಾಜೀನಾಮೆಯನ್ನೇ ಅಸಾಧ್ಯ ಮಾಡುವಷ್ಟು ದೊಡ್ಡ ಮೊತ್ತವೂ ಅಲ್ಲ. ತಿಂಗಳಿಗೆ 20,000 ಪಡೆಯುವ ಹೊಸಬನ ಮೇಲೆ ಐದು ಲಕ್ಷದ ಬಾಂಡ್ ಹೇರಿದ ಖಾಸಗಿ ಸಂಸ್ಥೆಗೆ ಈ ಎರಡೂ ವಾದ ಅಷ್ಟು ಸುಲಭವಾಗಿ ದಕ್ಕುವುದಿಲ್ಲ. ಜೊತೆಗೆ ಅದೇ ಕರಾರು ಕಾಯ್ದೆಯ 74ನೇ ಕಲಮು ಇದೆ. ಪತ್ರದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗಬೇಕು ಎನ್ನುತ್ತದೆ. ಆದ್ದರಿಂದ ನಾನು ಕೇಳುವುದು: ಟ್ರೈನಿಂಗ್ ಎಂದಿದ್ದಾರಲ್ಲ, ಯಾವ ಟ್ರೈನಿಂಗ್, ಎಷ್ಟು ವಾರ, ಎಲ್ಲಿ, ಹೊರಗಿನವರು ಕೊಡುತ್ತಾರಾ? ವಿದೇಶಕ್ಕೆ ಕಳಿಸಿ ಸರ್ಟಿಫಿಕೇಟ್ ಕೊಡಿಸಿದ್ದಕ್ಕೆ ಬಿಲ್ಲು ಇರುತ್ತದೆ. ರೆಕಾರ್ಡ್ ಮಾಡಿದ ವಿಡಿಯೋ ತೋರಿಸಿ ಎರಡು ಲಕ್ಷ ಎಂದವರು ಕೋರ್ಟಿನಲ್ಲಿ ತಡವರಿಸುತ್ತಾರೆ. ಬಾಂಡಿನ ಹೆಸರಲ್ಲಿ ನಿಮ್ಮನ್ನು ಕುರ್ಚಿಗೆ ಕಟ್ಟಿ ಕೂರಿಸುವ ಆದೇಶ ಮಾತ್ರ ಯಾವ ಕೋರ್ಟಿನಿಂದಲೂ ಬರುವುದಿಲ್ಲ. ಜಗಳ ಇರುವುದು ದುಡ್ಡಿನದು.

ಬಾಂಡಿಗಿಂತ ನಾನು ಹೆಚ್ಚು ಹೆದರುವುದು ಅದರ ಜೊತೆ ಕೇಳುವ ಸಹಿ ಮಾಡಿದ ಖಾಲಿ ಚೆಕ್ಕಿಗೆ. ಬಾಂಡ್ ಮುರಿದರೆ ಸಂಸ್ಥೆ ಸಿವಿಲ್ ದಾವೆ ಹೂಡಬೇಕು, ನಷ್ಟದ ಲೆಕ್ಕ ಕೊಡಬೇಕು. ಚೆಕ್ ಬೌನ್ಸ್ ಆದರೆ ಅದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಕ್ರಿಮಿನಲ್ ಪ್ರಕರಣ, ಸಾಲ ಇರಲಿಲ್ಲ ಎಂದು ತೋರಿಸುವ ಹೊಣೆ ನಿಮ್ಮ ತಲೆಗೆ ಬರುತ್ತದೆ. ಮೂಲ ಅಂಕಪಟ್ಟಿ ಕೊಡಿ ಎಂದರೂ ಅಷ್ಟೇ: ತೋರಿಸಿ, ಜೆರಾಕ್ಸ್ ಕೊಡಿ, ಮೂಲವನ್ನು ವಾಪಸ್ ತನ್ನಿ. ಈ ಎರಡನ್ನು ಪಟ್ಟು ಹಿಡಿದು ಕೇಳುವ ಸಂಸ್ಥೆಗೆ ಸೇರಬೇಡಿ ಎಂದೇ ನನ್ನ ಸಲಹೆ, ಸಂಬಳ ಎಷ್ಟೇ ಇರಲಿ.

ಪ್ರೊಬೇಷನ್ನಿನಲ್ಲಿ ಜನ ಗಮನಿಸದೇ ಬಿಡುವುದು ಅದು ಮುಗಿಯುವ ಬಗೆಯನ್ನು. ಆರು ತಿಂಗಳಾಯಿತು, ಯಾರೂ ಏನೂ ಹೇಳಲಿಲ್ಲ, ಹಾಗಾದರೆ ಕನ್ಫರ್ಮ್ ಆದೆ ಎಂದುಕೊಳ್ಳುತ್ತಾರೆ. "ಲಿಖಿತವಾಗಿ ಕನ್ಫರ್ಮ್ ಮಾಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ" ಎಂಬ ಸಾಲು ಪತ್ರದಲ್ಲಿದ್ದರೆ ಆಗಿರುವುದಿಲ್ಲ. ಗರಿಷ್ಠ ಅವಧಿ ಇಷ್ಟೇ, ಅದರಾಚೆ ಇಲ್ಲ ಎಂದು ಬರೆದಿದ್ದರೆ ಮಾತ್ರ ವಾದಕ್ಕೆ ಜಾಗವಿದೆ. ಪ್ರೊಬೇಷನ್ನಿನಲ್ಲಿ ನೋಟಿಸ್ ಸಾಮಾನ್ಯವಾಗಿ ಕಡಿಮೆ ದಿನ ಇರುವುದರಿಂದ ಬೇಗ ಬಿಡಬೇಕೆನ್ನುವವರಿಗೆ ಅದರಿಂದ ಅನುಕೂಲವೇ. ಆದರೆ ಬಾಂಡಿನ ಗಡಿಯಾರ ಕನ್ಫರ್ಮೇಷನ್ನಿಗೆ ಗಂಟು ಬಿದ್ದಿದ್ದರೆ ಅದೇ ಮೌನ ದುಬಾರಿ. ಸಂಸ್ಥೆಯೇ ತೆಗೆಯುವ ಸಂದರ್ಭಕ್ಕೆ ಇಲ್ಲಿ ಒಂದು ರಕ್ಷಣೆ ಇದೆ: 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನಂತೆ ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆಯ ಪ್ರಕರಣಕ್ಕೆ ಈ ನೋಟಿಸ್ ಬೇಕಿಲ್ಲ, ಆಡಳಿತದ ಮೇಲಿನ ಹುದ್ದೆಯಲ್ಲಿರುವವರು ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಕಲಮು ಎಣಿಸುವುದು ಸೇವೆಯ ತಿಂಗಳುಗಳನ್ನು, ಕನ್ಫರ್ಮ್ ಆದಿರಾ ಇಲ್ಲವಾ ಎಂದಲ್ಲ.

ಕಾಂಟ್ರ್ಯಾಕ್ಟ್ ಕೆಲಸವಾದರೆ ಮೊದಲು ಲೆಟರ್‌ಹೆಡ್ ನೋಡಿ. ಕೂರುವುದು ದೊಡ್ಡ ಸಂಸ್ಥೆಯ ಕಟ್ಟಡದಲ್ಲಿ, ಸಂಬಳ ಕೊಡುವುದು ಯಾರೂ ಹೆಸರು ಕೇಳದ ಏಜೆನ್ಸಿ ಎಂದಾದರೆ ಮೇಲಿನ ಲೆಕ್ಕವೆಲ್ಲ ಆ ಏಜೆನ್ಸಿಯ ಜೊತೆ. ಕ್ಲೈಂಟ್ ಪ್ರಾಜೆಕ್ಟ್ ಮುಗಿಸಿದ ದಿನವೇ ನಿಮ್ಮ ಕೆಲಸವೂ ಮುಗಿಯುತ್ತದೆ ಎಂಬ ಸಾಲು ಇದ್ದು, ನಿಮ್ಮ ಕಡೆಯಿಂದ ಮಾತ್ರ 60 ದಿನ ನೋಟಿಸ್ ಎಂದಿದ್ದರೆ ಎರಡೂ ಕಡೆಗೆ ಸಮ ಮಾಡಿ ಎಂದು ಕೇಳಿ.

ದಾವಣಗೆರೆಯ ಹುಡುಗಿ ಕೇಳಿದಳು. ಸೇರುವ ಮೊದಲೇ ಎಚ್‌ಆರ್‌ಗೆ ಮೇಲ್ ಬರೆದು ಮೂರು ತಿದ್ದುಪಡಿ ಕೋರಿದಳು: ಬಾಂಡ್ ಸೇರಿದ ದಿನದಿಂದ ಎಣಿಕೆಯಾಗಲಿ, ಕೊನೆಯ ಕೆಲಸದ ದಿನವನ್ನು ಲೆಕ್ಕಕ್ಕೆ ಹಿಡಿಯಲಿ, ಮೊತ್ತ ತಿಂಗಳಿಂದ ತಿಂಗಳಿಗೆ ಇಳಿಯಲಿ. ಮೊದಲ ಎರಡಕ್ಕೆ ಒಪ್ಪಿದರು, ಮೂರನೆಯದಕ್ಕೆ ಒಂದು ವರ್ಷದ ನಂತರ ಅರ್ಧ ಎಂದರು. ಇಮೇಲ್‌ನಲ್ಲಿ ಒಪ್ಪಿದರೆ ಸಾಲದು ಎಂದು ನಾನು ಹೇಳಿದ್ದೆ, ಏಕೆಂದರೆ ಅವಳ ಪತ್ರದ ಕೊನೆಯಲ್ಲಿ "ಈ ಪತ್ರದಲ್ಲಿ ಇರುವುದಷ್ಟೇ ಅಂತಿಮ, ಹಿಂದಿನ ಮಾತುಕತೆಗಳಿಗೆ ಬೆಲೆ ಇಲ್ಲ" ಎಂಬ ಕಲಮು ಇತ್ತು. ತಿದ್ದಿದ ಪತ್ರವೇ ಬಂದ ಮೇಲೆ ಸಹಿ ಹಾಕಿದಳು. ನೋಟಿಸ್ 90 ದಿನವೇ ಉಳಿಯಿತು, ಅದನ್ನು ಯಾರಿಗೂ ಕಡಿಮೆ ಮಾಡುವುದಿಲ್ಲ ಎಂದರು.

ಮುಂದೆ ಅವಳು ಬಿಟ್ಟಾಗ ಫೈನಲ್ ಸೆಟ್ಲ್‌ಮೆಂಟ್ ಹಾಳೆಯಲ್ಲಿ ನೋಡಬೇಕಾದ ಒಂದು ಸಾಲನ್ನೂ ಹೇಳಿ ಕಳಿಸಿದೆ. ನೋಟಿಸ್ ಹಣ ಅಥವಾ ಬಾಂಡ್ ಹಣದ ಮೇಲೆ 18% ಜಿಎಸ್‌ಟಿ ಸೇರಿಸಿ ಕೇಳುವ ಲೆಕ್ಕ ವಿಭಾಗಗಳು ಈಗಲೂ ಇವೆ. ಈ ಹಣಕ್ಕೆ ಜಿಎಸ್‌ಟಿ ಬೀಳುವುದಿಲ್ಲ ಎಂದು 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಬಂದಿದೆ, ಸಂಖ್ಯೆ 178/10/2022. ಆ ಸಂಖ್ಯೆಯನ್ನು ಇಮೇಲ್‌ನಲ್ಲಿ ಬರೆದರೆ ಹೆಚ್ಚಿನ ಕಡೆ ಮರುದಿನವೇ ಹೊಸ ಹಾಳೆ ಬರುತ್ತದೆ.