ಆರನೆಯ ಪದ ಮೊದಲು ಬಂದರೆ

ಒಂದು ಲಿಂಕ್ಡ್ ಲಿಸ್ಟ್ ಇದೆ. ಅದರ ಪ್ರತಿ ನೋಡ್ 64 ಬೈಟ್, ಅಂದರೆ ಸರಿಯಾಗಿ ಒಂದು ಕ್ಯಾಶ್ ಬ್ಲಾಕ್. ಮುಂದಿನ ನೋಡ್ ಎಲ್ಲಿದೆ ಎಂದು ಹೇಳುವ `next` ಪಾಯಿಂಟರ್ 40ನೇ ಬೈಟ್‌ನಿಂದ ಶುರುವಾಗುತ್ತದೆ. ಎಂಟೆಂಟು ಬೈಟ್‌ಗಳ ಪದಗಳಾಗಿ ಎಣಿಸಿದರೆ ಅದು ಆರನೆಯ ಪದ. ಪ್ರೋಗ್ರಾಂ ಕೇಳುವುದು ಅದೊಂದನ್ನೇ. ಆದರೆ ಅದು ಕ್ಯಾಶ್‌ನಲ್ಲಿ ಇಲ್ಲದೆ ‘ಮಿಸ್’ ಆದರೆ ಮುಖ್ಯ ಮೆಮೊರಿಯಿಂದ ಎಂಟೂ ಪದಗಳು ಬರುತ್ತವೆ.

ಮೊದಲ ಪದ ಬರಲು 100 ಸೈಕಲ್, ಆಮೇಲೆ ಪ್ರತಿ ಪದಕ್ಕೆ 4 ಸೈಕಲ್ ಎಂದು ಲೆಕ್ಕ ಹಿಡಿಯೋಣ. ಬ್ಲಾಕ್ ತುಂಬುವವರೆಗೂ ಪ್ರೊಸೆಸರ್ ಕಾದರೆ 128 ಸೈಕಲ್ ಹೋಯಿತು. ಕೊನೆಯ ಎರಡು ಪದಗಳಿಗಾಗಿ ಅದು ಕಾದದ್ದು ಶುದ್ಧ ವ್ಯರ್ಥ. ‘ಅರ್ಲಿ ರೀಸ್ಟಾರ್ಟ್’ ಉಳಿಸುವುದು ಅಷ್ಟನ್ನೇ: ಪದಗಳು ಎಂದಿನ ಕ್ರಮದಲ್ಲೇ ಬರುತ್ತವೆ, ಆರನೆಯದು ಬಂದ ಕೂಡಲೇ, 120ನೇ ಸೈಕಲ್‌ನಲ್ಲಿ, ಪ್ರೊಸೆಸರ್ ಕೆಲಸ ಮುಂದುವರಿಸುತ್ತದೆ. ‘ಕ್ರಿಟಿಕಲ್ ವರ್ಡ್ ಫಸ್ಟ್’ ಕ್ರಮವನ್ನೇ ಬದಲಿಸುತ್ತದೆ. 6, 7, 8 ಬಂದ ಮೇಲೆ ಸುತ್ತು ಹಾಕಿ 1ರಿಂದ 5. ಬೇಕಾದ ಪದ 100ನೇ ಸೈಕಲ್‌ಗೇ ಕೈಗೆ ಸಿಕ್ಕಿತು. ಡಿಡಿಆರ್4 ಮೆಮೊರಿ ಚಿಪ್‌ಗಳಲ್ಲಿ ಹೀಗೆ ನಡುವಿನಿಂದ ಶುರು ಮಾಡಿ ಸುತ್ತಿ ಬರುವ ಸೌಕರ್ಯ ಇದೆ.

ಬ್ಲಾಕ್ 256 ಬೈಟ್ ಆಗಿದ್ದರೆ ಅಂತರ ಇನ್ನೂ ಹಿಗ್ಗುತ್ತದೆ. ಪೂರ್ತಿ ಕಾದರೆ 224 ಸೈಕಲ್. ಬೇಕಾದ ಪದ ಬ್ಲಾಕ್‌ನಲ್ಲಿ ಎಲ್ಲಿ ಬೇಕಾದರೂ ಇರಬಹುದು ಎಂದುಕೊಂಡರೆ ಅರ್ಲಿ ರೀಸ್ಟಾರ್ಟ್‌ಗೆ ಸರಾಸರಿ 162. ಕ್ರಿಟಿಕಲ್ ವರ್ಡ್ ಫಸ್ಟ್‌ಗೆ ಮಾತ್ರ ಅದೇ 100. ಬ್ಲಾಕ್ ಎಷ್ಟೇ ಉದ್ದವಾಗಲಿ, ಮೊದಲ ಪದ ತಲುಪುವ ಹೊತ್ತು ಬದಲಾಗುವುದಿಲ್ಲ.

ಆದರೆ ಇದಿಷ್ಟನ್ನೇ ನಂಬಿದರೆ ಲೆಕ್ಕ ತಪ್ಪುತ್ತದೆ. ಪ್ರೊಸೆಸರ್ ಮುಂದೆ ಹೋಯಿತೇ ಹೊರತು ಬ್ಲಾಕ್ ಇನ್ನೂ ತುಂಬುತ್ತಲೇ ಇದೆ. ಅದೇ ಬ್ಲಾಕ್‌ನ ಇನ್ನೊಂದು ಪದವನ್ನು ಪ್ರೋಗ್ರಾಂ ಕೂಡಲೇ ಕೇಳಿದರೆ ಆ ಪದ ಬರುವವರೆಗೆ ಮತ್ತೆ ನಿಲ್ಲಲೇಬೇಕು. ಆರನೆಯದರ ಬೆನ್ನಿಗೇ ಐದನೆಯದು ಬೇಕಾಯಿತು ಎನ್ನಿ. ಕ್ರಿಟಿಕಲ್ ವರ್ಡ್ ಫಸ್ಟ್‌ನಲ್ಲಿ ಐದನೆಯದು ಎಲ್ಲಕ್ಕಿಂತ ಕೊನೆಗೆ, 128ನೇ ಸೈಕಲ್‌ಗೆ ಬರುತ್ತದೆ. ಅರ್ಲಿ ರೀಸ್ಟಾರ್ಟ್‌ನಲ್ಲಿ ಅದು 116ಕ್ಕೇ ಬಂದು ಕುಳಿತಿರುತ್ತದೆ, 120ಕ್ಕೆ ಎರಡೂ ಸಿಕ್ಕಿರುತ್ತವೆ. ಇಲ್ಲಿ ಗೆದ್ದದ್ದು ಸರಳವಾದ ಉಪಾಯವೇ!

ಅರೇಯನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗಲೂ ಸುತ್ತು ಹಾಕುವುದರಿಂದ ಹೆಚ್ಚಿನ ಲಾಭವಿಲ್ಲ. ಅಲ್ಲಿ ಮಿಸ್ ಆಗುವುದು ಬಹುತೇಕ ಬ್ಲಾಕ್‌ನ ಮೊದಲ ಪದದಲ್ಲೇ, ಆ ಪದ ಹೇಗೂ ಮೊದಲೇ ಬರುತ್ತದೆ.

ನಮ್ಮ ಲಿಸ್ಟ್‌ಗೆ ಈ ತೊಡಕಿಲ್ಲ. `next` ಸಿಕ್ಕ ಮೇಲೆ ಪ್ರೋಗ್ರಾಂ ಬೇರೆ ಬ್ಲಾಕ್‌ಗೆ ಹೋಗುತ್ತದೆ. ಹಳೆಯ ಬ್ಲಾಕ್ ತುಂಬುತ್ತಿರುವಾಗಲೇ ಹೊಸ ಮಿಸ್ ಸ್ವೀಕರಿಸುವ ಕ್ಯಾಶ್ ಇದ್ದರೆ, ಉಳಿದ 28 ಸೈಕಲ್‌ಗಳ ಸಾಗಣೆ ಮುಂದಿನ 100ರ ಕಾಯುವಿಕೆಯೊಳಗೇ ಮುಗಿದುಹೋಗುತ್ತದೆ. ಅಂಥ ಸೌಲಭ್ಯವಿಲ್ಲದ ಕ್ಯಾಶ್‌ನಲ್ಲಿ ಹೊಸ ಮಿಸ್ ಬ್ಲಾಕ್ ತುಂಬುವವರೆಗೂ ಬಾಗಿಲಲ್ಲಿ ನಿಲ್ಲುತ್ತದೆ, ಉಳಿಸಿದ 28 ಸೈಕಲ್ ಅಲ್ಲಿಯೇ ಕರಗುತ್ತದೆ.