ಮುಕ್ತ ಪ್ರಬಂಧಗಳಷ್ಟೇ ಸಿಗುವಾಗ ರಿವ್ಯೂ ವಿಷಯದ ಆಯ್ಕೆ

ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ಪ್ರಶ್ನೆಯ ಮೇಲಿನ ಅಧ್ಯಯನಗಳನ್ನೆಲ್ಲ ಕ್ರಮಬದ್ಧವಾಗಿ ಹುಡುಕಿ ಒಟ್ಟುಗೂಡಿಸುವ ಸಿಸ್ಟಮ್ಯಾಟಿಕ್ ರಿವ್ಯೂಗೆ ವಿಷಯ ಹುಡುಕುವಾಗ ಪಬ್‌ಮೆಡ್‌ನಲ್ಲಿ ಮೊದಲು ಒತ್ತುವುದು Free full text ಎಂಬ ಫಿಲ್ಟರನ್ನು. ಚಂದಾ ಕಟ್ಟಿದ ಗ್ರಂಥಾಲಯವಿಲ್ಲದವರು ಹಾಗೆ ಮಾಡುವುದು ಸಹಜವೇ ಆದರೂ, ರಿವ್ಯೂ ದುರ್ಬಲವಾಗುವುದು ಅಲ್ಲಿಂದಲೇ. ಫಿಲ್ಟರ್ ಹಾಕಿದ ಕ್ಷಣದಿಂದ ಎಷ್ಟು ಅಧ್ಯಯನಗಳು ಕೈತಪ್ಪಿದವು ಎಂಬ ಲೆಕ್ಕವೇ ಉಳಿಯುವುದಿಲ್ಲ.

ಒಂದು ವಿಷಯವನ್ನು ತೆಗೆದುಕೊಳ್ಳೋಣ: ಮೊಬೈಲ್‌ಗೆ ಕಳುಹಿಸುವ ನೆನಪೋಲೆಗಳಿಂದ ಮಕ್ಕಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸುವ ಪ್ರಮಾಣ ಹೆಚ್ಚುತ್ತದೆಯೇ? ಇಂಥ ಪ್ರಯೋಗಗಳಿಗೆ ಹಣ ಕೊಡುವ ಹಲವು ಸಂಸ್ಥೆಗಳು ಫಲಿತಾಂಶವನ್ನು ಮುಕ್ತವಾಗಿ ಪ್ರಕಟಿಸಬೇಕೆಂದು ಷರತ್ತು ಹಾಕುವುದರಿಂದ ಈ ವಿಷಯ ನಮಗೆ ಅನುಕೂಲಕರ. ಹುಡುಕಾಟವನ್ನು ಯಾವ ಫಿಲ್ಟರೂ ಇಲ್ಲದೆ ಹೀಗೆ ಆರಂಭಿಸಬಹುದು:

```
("text messag*"[tiab] OR SMS[tiab])
AND (vaccin*[tiab] OR immuni*[tiab])
AND (infant*[tiab] OR child*[tiab])
```

ವಿಷಯವನ್ನು ಅಂತಿಮಗೊಳಿಸುವ ಮೊದಲೇ ಸಾರಾಂಶಗಳನ್ನು ಓದುತ್ತಾ ಹೋಗಿ, ಅರ್ಹವೆಂದು ತೋರುವ ಮೊದಲ 20 ಪ್ರಬಂಧಗಳನ್ನು ಪಟ್ಟಿ ಮಾಡಿಕೊಂಡು, ಒಂದೊಂದರ ಡಿಒಐ ಸಂಖ್ಯೆಯನ್ನು, ಮುಕ್ತ ಪ್ರತಿ ಎಲ್ಲಿದೆಯೆಂದು ತೋರಿಸುವ ಅನ್‌ಪೇವಾಲ್‌ನಲ್ಲಿ ಪರೀಕ್ಷಿಸಬೇಕು. ಪತ್ರಿಕೆಯ ಪುಟದಲ್ಲಿ ಬೀಗ ಬಿದ್ದಿದ್ದರೂ ಲೇಖಕರ ಅಂಗೀಕೃತ ಹಸ್ತಪ್ರತಿ ವಿಶ್ವವಿದ್ಯಾಲಯದ ಭಂಡಾರದಲ್ಲಿ ಇರುವುದುಂಟು. ಅದೂ ಸಿಕ್ಕಿದ ಲೆಕ್ಕವೇ. 20ರಲ್ಲಿ 16ಕ್ಕಿಂತ ಕಡಿಮೆ ಸಿಕ್ಕರೆ ನಾನು ಪ್ರಶ್ನೆಯನ್ನೇ ಬದಲಿಸಲು ಹೇಳುತ್ತೇನೆ. ಇದು ಯಾವ ಮಾರ್ಗಸೂಚಿಯಲ್ಲೂ ಇರುವ ಅಂಕಿಯಲ್ಲ, ನನ್ನ ರೂಢಿ ಅಷ್ಟೇ.

ಈ ಪರೀಕ್ಷೆಯಲ್ಲಿ ವಿಷಯ ಗೆದ್ದು, ಪೂರ್ಣ ಹುಡುಕಾಟದಲ್ಲಿ ಸಾರಾಂಶದಿಂದ ಅರ್ಹವೆಂದು ತೋರುವ 36 ಪ್ರಬಂಧಗಳು ದೊರೆತು, 31ರ ಪೂರ್ಣಪಾಠ ಮಾತ್ರ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಉಳಿದ ಐದನ್ನು ಅರ್ಹವಲ್ಲವೆಂದು ಕೈಬಿಡುವುದು ತಪ್ಪು. ಅವು ಅರ್ಹವಲ್ಲದವುಗಳಲ್ಲ, ದೊರಕದವು. ರಿವ್ಯೂ ವರದಿ ಬರೆಯುವ ಮಾರ್ಗಸೂಚಿಯಾದ ಪ್ರಿಸ್ಮಾ 2020ರ ಹರಿವಿನ ಚಿತ್ರದಲ್ಲಿ ಇವುಗಳಿಗೆಂದೇ Reports not retrieved ಎಂಬ ಪ್ರತ್ಯೇಕ ಚೌಕವಿದೆ, ಆ ಐದನ್ನು ಅಲ್ಲಿ ಕಾಣಿಸಬೇಕು. ಅದಕ್ಕೂ ಮುನ್ನ ಸಂಪರ್ಕ ಲೇಖಕರಿಗೆ ಇಮೇಲ್ ಬರೆದು ಪ್ರತಿ ಕೇಳಿ, ಎರಡು ವಾರ ಕಾದು, ಮತ್ತೊಮ್ಮೆ ನೆನಪಿಸಬೇಕು. ಆಮೇಲೂ ಸಿಗದಿದ್ದರೆ, ಅವುಗಳ ಸಾರಾಂಶದಲ್ಲಿರುವ ದೇಶ, ಮಾದರಿಯ ಗಾತ್ರ ಮತ್ತು ಫಲಿತಾಂಶದ ದಿಕ್ಕನ್ನು ಒಂದು ಕೋಷ್ಟಕದಲ್ಲಿ ಬರೆದು 31ರೊಂದಿಗೆ ಹೋಲಿಸಬೇಕು. ಸಿಕ್ಕವುಗಳಲ್ಲಿ ಬಹುಪಾಲು ನೆನಪೋಲೆಯಿಂದ ಲಾಭವಾಯಿತೆಂದು ಹೇಳಿ, ಸಿಗದ ಐದರಲ್ಲಿ ನಾಲ್ಕು ವ್ಯತ್ಯಾಸವಿಲ್ಲವೆಂದರೆ, ನಿಮ್ಮ ಒಟ್ಟು ಅಂದಾಜು ವಾಸ್ತವಕ್ಕಿಂತ ಹಿಗ್ಗಿರಬಹುದು ಎಂಬುದನ್ನು ಮಿತಿಗಳ ಭಾಗದಲ್ಲಿ ನೇರವಾಗಿ ಬರೆಯಬೇಕಾಗುತ್ತದೆ.

ಪೂರ್ಣಪಾಠ ಸಿಕ್ಕ ಪ್ರಬಂಧಗಳನ್ನು ಮಾತ್ರ ಸೇರಿಸುವ ನಿರ್ಧಾರವನ್ನು, ರಿವ್ಯೂಗಳ ಯೋಜನೆಯನ್ನು ಮೊದಲೇ ದಾಖಲಿಸುವ ಪ್ರಾಸ್ಪೆರೋದಲ್ಲಿ ನೋಂದಣಿಯ ಹೊತ್ತಿಗೇ ಪ್ರೋಟೋಕಾಲ್‌ನಲ್ಲಿ ನಮೂದಿಸಿದರೆ, ಫಲಿತಾಂಶ ನೋಡಿದ ಮೇಲೆ ಪ್ರಬಂಧಗಳನ್ನು ಬಿಟ್ಟಿದ್ದೀರಿ ಎಂಬ ಅನುಮಾನಕ್ಕೆ ಎಡೆಯಿರುವುದಿಲ್ಲ. ಕೆಲವು ಪತ್ರಿಕೆಗಳು ಪ್ರಕಟಣೆಯ ಆರು ಅಥವಾ ಹನ್ನೆರಡು ತಿಂಗಳ ನಂತರ ಪ್ರಬಂಧವನ್ನು ಮುಕ್ತಗೊಳಿಸುವುದರಿಂದ, ಆ ಐದು ಡಿಒಐಗಳನ್ನು ನಿಮ್ಮ ರಿವ್ಯೂ ಸಲ್ಲಿಸುವ ಹಿಂದಿನ ವಾರ ಮತ್ತೊಮ್ಮೆ ಪರೀಕ್ಷಿಸಿ.